ಜಾಕಿ ಏಳಕ್ಕೆ, ಮೇನ್ ಆರಕ್ಕೆ: ಫೈರ್ ಪಂಪಿನ ನಾಲ್ಕು ಸಂಖ್ಯೆಗಳು

ಹಾಸ್ಟೆಲ್ ಬ್ಲಾಕಿನ ಪ್ರತಿ ಮಹಡಿಯ ಮೆಟ್ಟಿಲ ಪಕ್ಕದಲ್ಲೂ ಕೆಂಪು ಪೈಪು, ಕೆಂಪು ಪೆಟ್ಟಿಗೆ, ಅದರೊಳಗೆ ಸುತ್ತಿಟ್ಟ ಹೋಸ್ ಇರುತ್ತೆ. ದಿನಾ ನೋಡ್ತೀವಿ. ಆ ಪೈಪಿನೊಳಗೆ ನೀರು ಇಡೀ ದಿನ, ಇಡೀ ವರ್ಷ ಒತ್ತಡದಲ್ಲೇ ನಿಂತಿರುತ್ತೆ ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿರಲ್ಲ. ಯಾರಾದರೂ ವಾಲ್ವ್ ತಿರುಗಿಸಿದ ಕೂಡಲೇ ಆ ಒತ್ತಡ ಬೀಳಬೇಕು, ಬಿದ್ದದ್ದನ್ನು ಕೆಳಗಿನ ಪಂಪ್ ರೂಮಿನ ಪ್ರೆಷರ್ ಸ್ವಿಚ್ ಗಮನಿಸಬೇಕು, ದೊಡ್ಡ ಪಂಪ್ ತಾನಾಗಿ ಶುರುವಾಗಬೇಕು. ಎಷ್ಟು ಬಿದ್ದಾಗ ಯಾವ ಪಂಪ್ ಶುರುವಾಗಬೇಕು ಅನ್ನೋದನ್ನ ನಾಲ್ಕು ಸಂಖ್ಯೆಗಳು ಹೇಳುತ್ತವೆ. ಈ ಲೇಖನ ಆ ನಾಲ್ಕು ಸಂಖ್ಯೆಗಳ ಬಗ್ಗೆ.

ನಾವಿರೋ ಮಧುರೆ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿಗೆ ಅಗ್ನಿಶಾಮಕ ವಾಹನ ಬರಬೇಕಾದರೆ ದೊಡ್ಡಬಳ್ಳಾಪುರದಿಂದಲೋ ನೆಲಮಂಗಲದಿಂದಲೋ ಬರಬೇಕು. ಅದು ಬಂದು ಮುಟ್ಟೋವರೆಗೆ ಕಟ್ಟಡದ ಹತ್ತಿರ ಇರೋದು ಅದರ ಸ್ವಂತ ಸಂಪಿನ ನೀರು ಮತ್ತು ಸ್ವಂತ ಪಂಪುಗಳು ಮಾತ್ರ.

ಮೂರು ಪಂಪು, ಮೂರು ಕೆಲಸ

ಪಂಪ್ ರೂಮಿನಲ್ಲಿ ಸಾಮಾನ್ಯವಾಗಿ ಮೂರು ಪಂಪು ಇರುತ್ತವೆ. ಮೊದಲನೆಯದು ಕರೆಂಟಿನ ಮೇನ್ ಪಂಪ್. ನಮ್ಮ ಲೆಕ್ಕಕ್ಕೆ ಅದು ನಿಮಿಷಕ್ಕೆ 2280 ಲೀಟರ್ ನೀರನ್ನು 70 ಮೀಟರ್ ಎತ್ತುವ ಪಂಪ್ ಅಂತ ಇಟ್ಕೊಳ್ಳೋಣ. ಎರಡನೆಯದು ಅಷ್ಟೇ ಸಾಮರ್ಥ್ಯದ ಡೀಸೆಲ್ ಪಂಪ್; ಕರೆಂಟ್ ಇಲ್ಲದಾಗ ಅಥವಾ ಮೇನ್ ಕೈಕೊಟ್ಟಾಗ ಅದೇ ಗತಿ. ಮೂರನೆಯದು ಜಾಕಿ. ಸೈಜಿನಲ್ಲಿ ಚಿಕ್ಕದು, ನಿಮಿಷಕ್ಕೆ 180 ಲೀಟರ್ ಅಷ್ಟೇ.

ಜಾಕಿಯ ಕೆಲಸ ಬೆಂಕಿ ಆರಿಸೋದಲ್ಲ. ಎಲ್ಲೋ ಒಂದು ವಾಲ್ವ್ ಹನಿ ಹನಿಯಾಗಿ ಸೋರುತ್ತೆ, ಎಲ್ಲೋ ಗ್ಲ್ಯಾಂಡ್ ಒಸರುತ್ತೆ. ಹಾಗೆ ಕಳೆದುಹೋದ ಒತ್ತಡವನ್ನು ಜಾಕಿ ತುಂಬಿಕೊಡುತ್ತೆ. ಅದಿಲ್ಲದಿದ್ದರೆ ಪ್ರತಿ ಸಣ್ಣ ಸೋರಿಕೆಗೂ ನಲವತ್ತು ಐವತ್ತು ಕಿಲೋವಾಟಿನ ಮೇನ್ ಮೋಟರ್ ಎದ್ದು ಕೂರಬೇಕಾಗುತ್ತೆ.

ಹಾಗಾದರೆ ಸೋರಿಕೆ ಯಾವುದು, ಬೆಂಕಿ ಯಾವುದು ಅಂತ ಪಂಪಿಗೆ ಹೇಗೆ ಗೊತ್ತಾಗುತ್ತೆ? ಅದಕ್ಕೆ ಗೊತ್ತಾಗಲ್ಲ. ಜಾಕಿಯ ಕೈಲಿ ಆಗುತ್ತೋ ಇಲ್ಲವೋ ಅನ್ನೋದೇ ಪರೀಕ್ಷೆ. ಹೈಡ್ರಂಟಿಗೆ ಹೋಸ್ ಹಾಕಿ 20 ಮಿಲಿಮೀಟರ್ ನಾಜಲ್ಲಿನಿಂದ ನೀರು ಹೊಡೆದರೆ, ನಾಜಲ್ಲಿನ ಹತ್ತಿರ 3.5 ಕೆಜಿ ಒತ್ತಡ ಇದ್ದಾಗ, ನೀರಿನ ವೇಗ ಸೆಕೆಂಡಿಗೆ ಸುಮಾರು 26 ಮೀಟರ್. ರಂಧ್ರದ ವಿಸ್ತೀರ್ಣದಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 490 ಲೀಟರ್ ಬರುತ್ತೆ. ಜಾಕಿ ಕೊಡೋದು 180. ಆದ್ದರಿಂದ ಜಾಕಿ ಓಡ್ತಾ ಇದ್ದರೂ ಒತ್ತಡ ಬೀಳ್ತಾನೇ ಹೋಗುತ್ತೆ, ಮೇನ್ ಪಂಪಿನ ಸಂಖ್ಯೆ ಮುಟ್ಟುತ್ತೆ, ಮೇನ್ ಶುರುವಾಗುತ್ತೆ. (ಪಂಪ್ ರೂಮಿನಲ್ಲಿ ಯಾರೂ ಚದರ ಸೆಂಟಿಮೀಟರ್ ಅನ್ನೋದಿಲ್ಲ, ಬರೀ ಕೆಜಿ ಅಂತಾರೆ. ಒಂದು ಕೆಜಿ ಅಂದರೆ ಹತ್ತು ಮೀಟರ್ ನೀರಿನ ಎತ್ತರ. ನಾವೂ ಹಾಗೇ ಹೇಳ್ತೀವಿ.)

ಇದರ ಇನ್ನೊಂದು ಮುಖ ನೋಡಿ. ಅದೇ ಪೆಟ್ಟಿಗೆ ಹತ್ತಿರ ಇರೋ ಸಣ್ಣ ರಬ್ಬರ್ ಹೋಸ್ ರೀಲಿನ ನಾಜಲ್ 5 ಮಿಲಿಮೀಟರಿನದು. 5 ಕೆಜಿ ಒತ್ತಡದಲ್ಲೂ ಅದು ನಿಮಿಷಕ್ಕೆ 36 ಲೀಟರ್ ಆಸುಪಾಸು ಮಾತ್ರ ಬಿಡುತ್ತೆ. ಜಾಕಿ ಅದನ್ನು ಆರಾಮಾಗಿ ತೂಗಿಸುತ್ತೆ. ಹೋಸ್ ರೀಲ್ ಬಿಟ್ಟಾಗ ಮೇನ್ ಪಂಪ್ ಶುರುವಾಗಲಿಲ್ಲ ಅಂತ ಡ್ರಿಲ್ ದಿನ ಗಾಬರಿಯಾಗೋದು ಬೇಡ. ಅದು ದೋಷವಲ್ಲ, ವ್ಯವಸ್ಥೆ ಮಾಡಿರೋದೇ ಹಾಗೆ. ಇದೇ ಕಾರಣಕ್ಕೆ ಜಾಕಿ ಸುಟ್ಟುಹೋದಾಗ "ಇದ್ದಿದ್ದರಲ್ಲಿ ದೊಡ್ಡದು ಹಾಕೋಣ" ಅಂತ 500 ಲೀಟರಿನ ಪಂಪ್ ಕೂರಿಸಬಾರದು. ಆಗ ಒಂದು ಹೈಡ್ರಂಟನ್ನೂ ಜಾಕಿಯೇ ತೂಗಿಸಿಕೊಂಡು ಹೋಗುತ್ತೆ, ಎರಡನೆಯದು ತೆಗೆಯೋವರೆಗೆ ಮೇನ್ ಮಲಗೇ ಇರುತ್ತೆ.

ನಾಲ್ಕು ಸಂಖ್ಯೆ ಹಾಕೋದು ಹೇಗೆ

ಈಗ ಒಂದು ಕಟ್ಟಡ ತಗೊಳ್ಳೋಣ. ನೆಲಮಹಡಿ, ಅದರ ಮೇಲೆ ಆರು ಮಹಡಿ. ಪಂಪಿನಿಂದ ಮೇಲಿನ ಹೈಡ್ರಂಟಿಗೆ 22 ಮೀಟರ್ ಎತ್ತರ. ಮೇನ್ ಪಂಪ್ 70 ಮೀಟರಿನದು. ನೀರು ಎಲ್ಲೂ ಹೋಗದೆ ಪಂಪ್ ಬರೀ ತಿರುಗುತ್ತಿದ್ದರೆ, ಅಂದರೆ ಡೆಲಿವರಿ ವಾಲ್ವ್ ಮುಚ್ಚಿದ್ದರೆ, ಒತ್ತಡ ಇನ್ನೂ ಏರುತ್ತೆ. ಈ ಪಂಪಿನ ಕರ್ವ್ ಪ್ರಕಾರ ಅದು 80 ಮೀಟರ್, ಅಂದರೆ 8 ಕೆಜಿ ಅಂತಿಟ್ಟುಕೊಳ್ಳಿ. ಇದನ್ನ ಶಟ್-ಆಫ್ ಒತ್ತಡ ಅಂತಾರೆ. ಲೆಕ್ಕ ಶುರುವಾಗೋದು ಇಲ್ಲಿಂದ.

ಮೊದಲ ಸಂಖ್ಯೆ, ಜಾಕಿ ನಿಲ್ಲೋ ಒತ್ತಡ. ಅದನ್ನ ಮೇನ್ ಪಂಪಿನ ಶಟ್-ಆಫ್ ಒತ್ತಡದ ಹತ್ತಿರ ಇಡ್ತಾರೆ, ಇಲ್ಲಿ 8. ಪೈಪಿನೊಳಗಿನ ಒತ್ತಡ ಆಗಲೇ ಅಷ್ಟಿದ್ದರೆ, ಮೇನ್ ಶುರುವಾದಾಗ ಪೈಪಿಗೆ ದಿಢೀರ್ ಹೊಡೆತ ಬೀಳಲ್ಲ. ಎರಡನೆಯದು, ಜಾಕಿ ಶುರುವಾಗೋ ಒತ್ತಡ. ಮೂರನೆಯದು ಮೇನ್ ಶುರುವಾಗೋದು, ನಾಲ್ಕನೆಯದು ಡೀಸೆಲ್ ಶುರುವಾಗೋದು. ಅಮೆರಿಕದ ಎನ್‌ಎಫ್‌ಪಿಎ 20 ಮಾನಕದ ವಿವರಣೆಯಲ್ಲಿ ಜಾಕಿ ನಿಲ್ಲೋದಕ್ಕೂ ಶುರುವಾಗೋದಕ್ಕೂ ಕನಿಷ್ಠ 10 ಪಿಎಸ್‌ಐ, ಅಲ್ಲಿಂದ ಮೇನಿಗೆ 5, ಮುಂದಿನ ಪಂಪಿಗೆ ಇನ್ನೊಂದು 10 ಪಿಎಸ್‌ಐ ಅಂತರ ಹೇಳಿದ್ದಾರೆ. 10 ಪಿಎಸ್‌ಐ ಅಂದರೆ ಸುಮಾರು 0.7 ಕೆಜಿ. ಆದರೆ ನಮ್ಮ ಪಂಪ್ ರೂಮುಗಳ ಸ್ಪ್ರಿಂಗ್ ಪ್ರೆಷರ್ ಸ್ವಿಚ್ಚಿನ ಮುಳ್ಳನ್ನು ಸ್ಕ್ರೂಡ್ರೈವರಿನಲ್ಲಿ ತಿರುಗಿಸಿ ನಿಲ್ಲಿಸೋದು. ಕಾಲ ಹೋದಂತೆ ಅದು ಕಾಲು ಕೆಜಿ ಆ ಕಡೆ ಈ ಕಡೆ ಆಗುತ್ತೆ. 0.35 ಕೆಜಿ ಅಂತರ ಇಟ್ಟರೆ ಮೇನ್ ಮತ್ತು ಜಾಕಿ ಒಂದರ ಮೇಲೊಂದು ಬಂದು ಕೂರುತ್ತವೆ. ಆದ್ದರಿಂದ ಒಂದೊಂದು ಕೆಜಿ ಅಂತರ ಇಡೋದು ಇಲ್ಲಿಯ ರೂಢಿ:

ಜಾಕಿ ನಿಲ್ಲೋದು 8 ಕೆಜಿಗೆ
ಜಾಕಿ ಶುರು 7 ಕೆಜಿಗೆ
ಮೇನ್ ಶುರು 6 ಕೆಜಿಗೆ
ಡೀಸೆಲ್ ಶುರು 5 ಕೆಜಿಗೆ

ಮೇನ್ ನಿಲ್ಲೋದಕ್ಕೆ ಇಲ್ಲಿ ಸಂಖ್ಯೆ ಇಲ್ಲ ಅನ್ನೋದನ್ನ ಗಮನಿಸಿ. ಮೇನ್ ಮತ್ತು ಡೀಸೆಲ್ ಒಮ್ಮೆ ಶುರುವಾದ ಮೇಲೆ ಮನುಷ್ಯರೇ ಪಂಪ್ ರೂಮಿಗೆ ಹೋಗಿ ನಿಲ್ಲಿಸಬೇಕು. ಮೇಲೆ ಒಬ್ಬರು ಹೋಸ್ ಹಿಡಿದು ನಾಜಲ್ ಮುಚ್ಚಿ ತೆರೆದು ಮಾಡುವಾಗಲೆಲ್ಲ ಕೆಳಗೆ ಮೋಟರ್ ನಿಂತು ಶುರುವಾಗಿ ಟ್ರಿಪ್ ಆದರೆ, ಆ ಮನುಷ್ಯನ ಕೈಲಿ ಖಾಲಿ ಪೈಪು ಉಳಿಯುತ್ತೆ.

ಜಾಕಿ ನಿಲ್ಲೋ ಸಂಖ್ಯೆಗೂ ಒಂದು ಮಿತಿ ಇದೆ. ಜಾಕಿಯ ಸ್ವಂತ ಶಟ್-ಆಫ್ ಒತ್ತಡ ಅದಕ್ಕಿಂತ ಸಾಕಷ್ಟು ಮೇಲಿರಬೇಕು. 7.8 ಕೆಜಿ ಮಾತ್ರ ಕೊಡಬಲ್ಲ ಜಾಕಿಗೆ 8ಕ್ಕೆ ನಿಲ್ಲು ಅಂದರೆ ಅದು ನಿಲ್ಲೋದೇ ಇಲ್ಲ. ಗೇಜ್ 7.8ರಲ್ಲಿ ಅಲ್ಲಾಡದೆ ನಿಂತಿದೆ, ಜಾಕಿ ಓಡ್ತಾನೇ ಇದೆ, ಮುಟ್ಟಿದರೆ ಕೈ ಸುಡುತ್ತೆ ಅಂದರೆ ಇದೇ ಕಥೆ.

ಅರ್ಧ ಲೀಟರಿಗೂ ಕಡಿಮೆ

8ರಿಂದ 7ಕ್ಕೆ ಬೀಳೋಕೆ ಎಷ್ಟು ನೀರು ಹೊರಹೋಗಬೇಕು? ಕ್ಲಾಸಲ್ಲಿ ಕೇಳಿದರೆ ಹೆಚ್ಚಿನವರು ನೂರಾರು ಲೀಟರ್ ಅಂತಾರೆ. ಲೆಕ್ಕ ಹಾಕೋಣ. ಕಟ್ಟಡದ ಸುತ್ತ 150 ಮಿಲಿಮೀಟರಿನ ಪೈಪು 300 ಮೀಟರ್, ಅದರ ಜೊತೆ ಮೇಲೆ ಹೋಗೋ 100 ಮಿಲಿಮೀಟರಿನ ರೈಸರುಗಳು. ಒಟ್ಟು ಒಳಗಿರೋ ನೀರು ಸುಮಾರು 7000 ಲೀಟರ್. ನೀರಿನ ಬಲ್ಕ್ ಮಾಡ್ಯುಲಸ್ 2.2 ಗಿಗಾಪಾಸ್ಕಲ್. ಒಂದು ಕೆಜಿ ಒತ್ತಡಕ್ಕೆ 7000 ಲೀಟರ್ ನೀರು ಕುಗ್ಗೋದು ಬರೀ 0.3 ಲೀಟರ್. ಪೈಪೂ ಸ್ವಲ್ಪ ಹಿಗ್ಗಿರುತ್ತೆ, ಅದನ್ನೂ ಸೇರಿಸಿದರೆ 0.4. ಅಂದರೆ ಪೈಪಿನಲ್ಲಿ ಗಾಳಿ ಇಲ್ಲದಿದ್ದರೆ, ಎರಡು ಲೋಟ ನೀರು ಹೊರಗೆ ಹೋದರೆ ಸಾಕು, ಒಂದು ಕೆಜಿ ಬಿದ್ದೇ ಹೋಯಿತು. ಆ ಎರಡು ಲೋಟವನ್ನು ತುಂಬೋಕೆ ಸೆಕೆಂಡಿಗೆ 3 ಲೀಟರ್ ಕೊಡೋ ಜಾಕಿಗೆ ಕಣ್ಣು ಮಿಟುಕಿಸೋಷ್ಟು ಹೊತ್ತೂ ಬೇಡ.

ಹೀಗಿದ್ದರೆ ಜಾಕಿ ಟಕ್ ಟಕ್ ಅಂತ ಹತ್ತಿ ಆರಿ ಕಾಂಟ್ಯಾಕ್ಟರ್ ಸುಟ್ಟುಕೊಳ್ಳುತ್ತೆ. ಅದಕ್ಕೇ ಹೆಡರಿನ ಮೇಲೆ ಒಂದು ನಿಂತ ಸಿಲಿಂಡರ್ ಇಟ್ಟಿರ್ತಾರೆ, ಏರ್ ವೆಸೆಲ್ ಅಂತ. ಪ್ರೆಷರ್ ಸ್ವಿಚ್ಚುಗಳನ್ನೂ ಸಾಮಾನ್ಯವಾಗಿ ಅದರ ಹತ್ತಿರವೇ ಕೂರಿಸಿರ್ತಾರೆ. ಅದರ ಮೇಲರ್ಧದಲ್ಲಿ ಗಾಳಿ, ಕೆಳಗೆ ನೀರು. ಗಾಳಿ ಸ್ಪ್ರಿಂಗಿನ ಹಾಗೆ. 8 ಕೆಜಿಯಲ್ಲಿ 40 ಲೀಟರ್ ಇರೋ ಗಾಳಿ 7 ಕೆಜಿಗೆ ಇಳಿಯುವಾಗ 45 ಲೀಟರ್ ಆಗುತ್ತೆ (ವಾತಾವರಣದ ಒಂದು ಕೆಜಿ ಸೇರಿಸಿ 9ರಿಂದ 8 ಅಂತ ಲೆಕ್ಕ ಹಾಕಬೇಕು). 0.4 ಲೀಟರ್ ಇದ್ದ ಜಾಗದಲ್ಲಿ ಈಗ 5.4 ಲೀಟರಿನ ಅವಕಾಶ ಸಿಕ್ಕಿತು.

ಈ ಗಾಳಿ ಮಾತ್ರ ಶಾಶ್ವತ ಅಲ್ಲ. ಒತ್ತಡದಲ್ಲಿ ನಿಧಾನಕ್ಕೆ ನೀರಲ್ಲಿ ಕರಗುತ್ತೆ, ಮೇಲಿನ ಫಿಟಿಂಗಿನಲ್ಲಿ ಸೋರುತ್ತೆ. ಕೊನೆಗೆ ವೆಸೆಲ್ ಪೂರ್ತಿ ನೀರಿಂದ ತುಂಬಿಕೊಳ್ಳುತ್ತೆ. ಹೊರಗಿಂದ ನೋಡಿದರೆ ಏನೂ ಬದಲಾಗಿರಲ್ಲ. ಗೊತ್ತಾಗೋದು ಜಾಕಿಯ ಸದ್ದಿನಿಂದ ಮತ್ತು ಗೇಜಿನ ಮುಳ್ಳಿನಿಂದ: ಜಾಕಿ ಒಂದು ಸೆಕೆಂಡೂ ಓಡದೆ ನಿಲ್ಲುತ್ತೆ, ಮುಳ್ಳು ಏರೋ ಬದಲು ನೆಗೆಯುತ್ತೆ. ಮದ್ದು ಸುಲಭ. ವೆಸೆಲಿನ ವಾಲ್ವ್ ಮುಚ್ಚಿ, ಕೆಳಗಿಂದ ನೀರು ಬಸಿದು, ಗಾಳಿ ತುಂಬಿ, ಮತ್ತೆ ತೆರೆಯೋದು. ಸ್ವಿಚ್ಚುಗಳು ವೆಸೆಲಿನ ಮೇಲೇ ಇದ್ದರೆ ಬಸಿಯೋ ಮುಂಚೆ ಪಂಪುಗಳನ್ನು ಆಟೋದಿಂದ ತೆಗೆದು, ಕೆಲಸ ಮುಗಿದ ಕೂಡಲೇ ವಾಪಸ್ ಆಟೋಗೆ ಹಾಕಬೇಕು.

ರಾತ್ರಿ ಕರೆಂಟ್ ಹೋದಾಗ

ಇದು ಬರೀ ಕಾಂಟ್ಯಾಕ್ಟರಿನ ಆಯಸ್ಸಿನ ವಿಷಯವಾಗಿದ್ದರೆ ಇಷ್ಟು ಬರೆಯೋ ಅಗತ್ಯ ಇರಲಿಲ್ಲ. ಮುಂದೆ ನೋಡಿ. ಮೂರು ಹೈಡ್ರಂಟ್ ವಾಲ್ವ್ ಸೆಕೆಂಡಿಗೊಂದು ಹನಿ ಸೋರುತ್ತಿವೆ ಅನ್ನಿ. ಒಂದು ಹನಿ 0.05 ಮಿಲಿಲೀಟರ್, ಮೂರೂ ಸೇರಿ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ಯಾರ ಕಣ್ಣಿಗೂ ಬೀಳದ ಸೋರಿಕೆ. ರಾತ್ರಿ ಕರೆಂಟ್ ಹೋಯಿತು. ಜಾಕಿಗೆ ಜನರೇಟರ್ ಲೈನ್ ಕೊಟ್ಟಿಲ್ಲ. ಒತ್ತಡ 8ರಿಂದ ಇಳೀತಾ ಹೋಗುತ್ತೆ. 6ಕ್ಕೆ ಬಂದಾಗ ಮೇನಿಗೂ ಕರೆಂಟಿಲ್ಲ. 5ಕ್ಕೆ ಬಂದ ಕೂಡಲೇ ಡೀಸೆಲ್ ಎಂಜಿನ್ ಗುಡುಗುತ್ತಾ ಶುರುವಾಗುತ್ತೆ.

ವೆಸೆಲಿನಲ್ಲಿ 40 ಲೀಟರ್ ಗಾಳಿ ಇದ್ದಿದ್ದರೆ 8ರಿಂದ 5ಕ್ಕೆ ಇಳಿಯೋಕೆ 21 ಲೀಟರ್ ಸೋರಬೇಕಿತ್ತು, ಅಂದರೆ ಒಂದೂವರೆ ದಿನಕ್ಕೂ ಹೆಚ್ಚು. ವೆಸೆಲ್ ನೀರಿಂದ ತುಂಬಿದ್ದರೆ ಬರೀ 1.2 ಲೀಟರ್ ಸಾಕು, ಎರಡು ಗಂಟೆ ಚಿಲ್ಲರೆ. ಅದೇ ಪಂಪು, ಅದೇ ಸೋರಿಕೆ, ಅದೇ ಸಂಖ್ಯೆಗಳು. ಒಂದು ಕಡೆ ಡೀಸೆಲ್ ಸುಮ್ಮನಿರುತ್ತೆ, ಇನ್ನೊಂದು ಕಡೆ ಕರೆಂಟ್ ಹೋದಾಗಲೆಲ್ಲ ಮಧ್ಯರಾತ್ರಿ ಎದ್ದು ಕೂಗುತ್ತೆ.

ಬೆಂಕಿ ಇಲ್ಲದೆ ನಾಲ್ಕು ರಾತ್ರಿ ಎಂಜಿನ್ ಕೂಗಿದ ಮೇಲೆ ಐದನೇ ರಾತ್ರಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಯಾರೋ ಹೋಗಿ ಪ್ಯಾನೆಲಿನ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸ್ತಾರೆ. ಬೆಳಿಗ್ಗೆ ಡ್ಯೂಟಿ ಬದಲಾಗುತ್ತೆ, ಸ್ವಿಚ್ ಅಲ್ಲೇ ಉಳಿಯುತ್ತೆ. ಸೆಕ್ಯುರಿಟಿ ಅಣ್ಣನ ಮೇಲೆ ಹಾರಾಡಿ ಪ್ರಯೋಜನ ಇಲ್ಲ, ಅವರಿಗೆ ಆ ಸದ್ದು ನಿಲ್ಲಿಸೋಕೆ ಬೇರೆ ದಾರಿಯನ್ನ ಯಾರೂ ಹೇಳಿಕೊಟ್ಟಿರಲ್ಲ. ಡೀಸೆಲಿನ ಸಂಖ್ಯೆಯನ್ನು 5ರಿಂದ 2ಕ್ಕೆ ಇಳಿಸೋದೂ ಪರಿಹಾರ ಅಲ್ಲ. ಹನಿಯೋ ವಾಲ್ವುಗಳ ವಾಷರ್ ಬದಲಿಸಿ, ವೆಸೆಲಿಗೆ ಗಾಳಿ ತುಂಬಿ, ಜಾಕಿಗೆ ಜನರೇಟರ್ ಲೈನ್ ಕೊಟ್ಟರೆ ಎಂಜಿನ್ ತಾನೇ ಸುಮ್ಮನಾಗುತ್ತೆ.

ಹೊರಗೆ ಎಲ್ಲೂ ಹನಿ ಕಾಣದೆ ಜಾಕಿ ಪದೇ ಪದೇ ಓಡುತ್ತಿದ್ದರೆ ಮೇನ್ ಪಂಪಿನ ಎನ್‌ಆರ್‌ವಿ ಮೇಲೆ ಅನುಮಾನ ಪಡಬೇಕು. ಜಾಕಿ ಎತ್ತಿದ ನೀರು ಆ ಎನ್‌ಆರ್‌ವಿ ಸಂದಿನಿಂದ, ಮೇನ್ ಪಂಪಿನ ಮೂಲಕ, ಹಿಂದಕ್ಕೆ ಸಂಪಿಗೇ ಹೋಗ್ತಿರುತ್ತೆ. ಮೇನ್ ಪಂಪಿನ ಡೆಲಿವರಿ ವಾಲ್ವನ್ನು ಹತ್ತು ನಿಮಿಷ ಮುಚ್ಚಿ ನೋಡಿದರೆ ಗೊತ್ತಾಗುತ್ತೆ. ಒತ್ತಡ ಬೀಳೋದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಅಷ್ಟು ಹೊತ್ತು ಮೇನ್ ಪಂಪ್ ಇಲ್ಲದ ಹಾಗೇ ಲೆಕ್ಕ, ಆದ್ದರಿಂದ ಒಬ್ಬರು ಆ ವಾಲ್ವಿನ ಹತ್ತಿರವೇ ನಿಂತಿರಬೇಕು.

ಎತ್ತರದ ಕಟ್ಟಡಕ್ಕೆ ನಕಲು ಮಾಡಿದರೆ

ಈಗ ಈ ಲೇಖನದ ಮುಖ್ಯ ವಿಷಯ. ನಮ್ಮ ಏಳಂತಸ್ತಿನ ಕಟ್ಟಡಕ್ಕೆ 8, 7, 6, 5 ಸರಿಹೋಯಿತು. ಅದೇ ಕಾಂಟ್ರಾಕ್ಟರ್ ಬೆಂಗಳೂರಿನ 60 ಮೀಟರ್ ಎತ್ತರದ ಅಪಾರ್ಟ್‌ಮೆಂಟಿಗೆ ಹೋಗಿ, 110 ಮೀಟರಿನ ಪಂಪಿಗೂ ಅದೇ 8, 7, 6, 5 ಹಾಕಿ ಬಂದ ಅಂತಿಟ್ಟುಕೊಳ್ಳಿ. ಏನಾಗುತ್ತೆ?

ಮೇಲಿನ ಹೈಡ್ರಂಟ್ ಪಂಪಿನಿಂದ 58 ಮೀಟರ್ ಮೇಲಿದೆ. ಅಲ್ಲಿ ಹೋಸ್ ಹಾಕಿ ತೆರೆದರು. ಒತ್ತಡ ಬಿತ್ತು, ಜಾಕಿ ಶುರುವಾಯಿತು, ನಿಮಿಷಕ್ಕೆ 180 ಲೀಟರ್ ಮೇಲಕ್ಕೆ ಹೋಗ್ತಿದೆ. ರೈಸರಿನಲ್ಲಿ ನಿಂತ 58 ಮೀಟರ್ ನೀರಿನ ಭಾರವೇ ಕೆಳಗಿನ ಗೇಜಿನಲ್ಲಿ 5.8 ಕೆಜಿ ತೋರಿಸುತ್ತೆ. ಆ 180 ಲೀಟರನ್ನು 20 ಮಿಲಿಮೀಟರಿನ ನಾಜಲ್ಲಿಂದ ತಳ್ಳೋಕೆ ಇನ್ನೊಂದು ಅರ್ಧ ಕೆಜಿ ಬೇಕು. ಗೇಜ್ 6.3ಕ್ಕೆ ಬಂದು ನಿಂತುಬಿಡುತ್ತೆ. ಮೇನಿಗೆ ಹೇಳಿರೋದು 6. ಅದು ಶುರುವಾಗಲ್ಲ. ಡೀಸೆಲೂ ಶುರುವಾಗಲ್ಲ. ಪಂಪ್ ರೂಮಿನಲ್ಲಿ ಎಲ್ಲ ಸರಿ ಇದೆ, ಆಟೋದಲ್ಲೇ ಇದೆ, ಗೇಜೂ ಆರರ ಮೇಲಿದೆ. ಮೇಲೆ ನಾಜಲ್ ಹಿಡಿದವರ ಕೈಲಿ ಮಾತ್ರ ಅರ್ಧ ಕೆಜಿ ಒತ್ತಡದ ನೀರು. ಇರಬೇಕಾದದ್ದು 3.5.

ಇನ್ನೂ ಕೆಟ್ಟದ್ದು ಅಂದರೆ, ಈ ತಪ್ಪು ಪರೀಕ್ಷೆಯಲ್ಲಿ ಸಿಕ್ಕಿಬೀಳಲ್ಲ. ಪರೀಕ್ಷೆಗೆ ಬಂದವರು ಸಾಮಾನ್ಯವಾಗಿ ನೆಲಮಹಡಿಯ ಹೈಡ್ರಂಟ್ ತೆಗೀತಾರೆ, ಅಂಗಳದಲ್ಲಿ ನೀರು ಹೊಡೆಯೋದು ಸುಲಭ. ಅಲ್ಲಿ ತೆಗೆದಾಗ ಗೇಜ್ 6ಕ್ಕಿಂತ ಕೆಳಗೆ ಧಡಕ್ಕನೆ ಬೀಳುತ್ತೆ, ಮೇನ್ ಭರ್ಜರಿಯಾಗಿ ಶುರುವಾಗುತ್ತೆ. ಎಲ್ಲರೂ ಸಹಿ ಹಾಕಿ ಹೋಗ್ತಾರೆ.

ಇದರಿಂದ ಒಂದು ಸರಳ ನಿಯಮ ಸಿಗುತ್ತೆ. ಪಂಪಿನಿಂದ ಮೇಲಿನ ಹೈಡ್ರಂಟಿಗೆ ಇರೋ ಎತ್ತರವನ್ನು ಹತ್ತರಿಂದ ಭಾಗಿಸಿ, ಜಾಕಿಯೊಂದೇ ಓಡುವಾಗ ಬರೋ ಅರ್ಧ ಕೆಜಿ ಸೇರಿಸಿ. ಡೀಸೆಲ್ ಮತ್ತು ಮೇನ್ ಎರಡರ ಸಂಖ್ಯೆಯೂ ಅದಕ್ಕಿಂತ ಚೆನ್ನಾಗಿ ಮೇಲಿರಬೇಕು. ನಮ್ಮ ಕಟ್ಟಡದಲ್ಲಿ ಅದು 2.2 ಕೂಡಿಸು 0.5, ಅಂದರೆ 2.7, ಡೀಸೆಲಿನ 5 ಆರಾಮಾಗಿ ಮೇಲಿದೆ. ಆ ಅಪಾರ್ಟ್‌ಮೆಂಟಿನಲ್ಲಿ ಅದು 6.3. ಅಲ್ಲಿನ ಪಂಪಿನ ಶಟ್-ಆಫ್ 12.5 ಕೆಜಿ ಇದ್ದರೆ ಸಂಖ್ಯೆಗಳು 12.5, 11.5, 10.5, 9.5 ಆಗಬೇಕಿತ್ತು. ಡೀಸೆಲಿನ ಸಂಖ್ಯೆಯನ್ನು 2ಕ್ಕೆ ಇಳಿಸಬೇಡಿ ಅಂತ ಹಿಂದೆ ಹೇಳಿದ್ದಕ್ಕೂ ಇದೇ ಕಾರಣ: 2 ಅನ್ನೋದು 2.7ಕ್ಕಿಂತ ಕೆಳಗಿದೆ. ಮೇಲಿನ ಮಹಡಿಯ ಮಟ್ಟಿಗೆ ಆ ಎಂಜಿನ್ ಇದ್ದೂ ಇಲ್ಲದ ಹಾಗೆ.

ಸೆಟ್ಟಿಂಗಿನ ತಪ್ಪು ಮೇಲಿನ ಮಹಡಿಯಲ್ಲೇ ಬಯಲಾಗುತ್ತೆ ಅನ್ನೋದಕ್ಕೆ ಪ್ರಪಂಚ ಕಂಡ ಉದಾಹರಣೆ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ. 1991ರ ಫೆಬ್ರವರಿ 23ರಂದು ಆ 38 ಅಂತಸ್ತಿನ ಕಟ್ಟಡದ 22ನೇ ಮಹಡಿಯಲ್ಲಿ ಬೆಂಕಿ ಹತ್ತಿತು. ಅಲ್ಲಿ ತಪ್ಪಿದ್ದು ಪಂಪಿನ ಸಂಖ್ಯೆ ಅಲ್ಲ, ಹೈಡ್ರಂಟ್ ಬಾಯಿಯ ಒತ್ತಡ ಇಳಿಸುವ ವಾಲ್ವುಗಳ ಸೆಟ್ಟಿಂಗ್. ಬೇಕಾದದ್ದಕ್ಕಿಂತ ತೀರಾ ಕಡಿಮೆಗೆ ಹೊಂದಿಸಿದ್ದರಿಂದ ಹೋಸುಗಳಲ್ಲಿ ಒತ್ತಡವೇ ಬರಲಿಲ್ಲ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬೆಂಕಿ ನಿಂತದ್ದು ಸ್ಪ್ರಿಂಕ್ಲರ್ ಇದ್ದ 30ನೇ ಮಹಡಿ ಮುಟ್ಟಿದಾಗ.

ಪರೀಕ್ಷೆ ಮಾಡೋ ಕ್ರಮ

ಪ್ರೆಷರ್ ಸ್ವಿಚ್ಚಿಗೆ ನಾವು ವಿದ್ಯಾರ್ಥಿಗಳು ಕೈ ಹಾಕೋ ಹಾಗಿಲ್ಲ. ಆದರೆ ಡ್ರಿಲ್ ಅಥವಾ ವಾರ್ಷಿಕ ಪರೀಕ್ಷೆ ನಡೆಯುವಾಗ ಮೇಂಟೆನೆನ್ಸ್‌ನವರ ಜೊತೆ ನಿಂತು ಬರೆದುಕೊಳ್ಳೋಕೆ ಯಾರೂ ಬೇಡ ಅನ್ನಲ್ಲ.

ಮೊದಲು ಹೆಡರಿನ ಗೇಜನ್ನೂ ಸ್ವಿಚ್ಚಿನ ಪಕ್ಕದ ಗೇಜನ್ನೂ ಹೋಲಿಸಿ. ಎರಡೂ ಒಂದೇ ತೋರಿಸಬೇಕು. ಹೆಡರಿನದು ಇಳಿದರೂ ಸ್ವಿಚ್ಚಿನದು ಇಳಿಯದಿದ್ದರೆ ಮಧ್ಯದ ಸಣ್ಣ ವಾಲ್ವ್ ಮುಚ್ಚಿದೆ ಅಂತ ಅರ್ಥ. ಸ್ವಿಚ್ ಹಳೆಯ ಒತ್ತಡವನ್ನೇ ನೋಡ್ತಾ ಕೂತಿದೆ, ಅದು ಯಾವ ಪಂಪನ್ನೂ ಎಬ್ಬಿಸಲ್ಲ.

ಆಮೇಲೆ ಹೆಡರಿನ ಡ್ರೈನ್ ವಾಲ್ವನ್ನು ಒಂದೊಂದು ಕೂದಲೆಳೆಯಷ್ಟೇ ತೆರೆಯೋದು. ಬೇಗ ತೆರೆದರೆ ಮುಳ್ಳು ಸರ್ರನೆ ಇಳಿದು ಯಾವ ಸಂಖ್ಯೆಯಲ್ಲಿ ಯಾವುದು ಶುರುವಾಯಿತು ಅಂತ ಗೊತ್ತಾಗಲ್ಲ. ಅದೂ ಅಲ್ಲದೆ ಮೇನ್ ವೇಗ ತಗೊಳ್ಳೋ ಮುಂಚೆಯೇ ಒತ್ತಡ 5 ದಾಟಿ ಡೀಸೆಲೂ ಎದ್ದುಬಿಡುತ್ತೆ. ಜಾಕಿ ಶುರುವಾದ ಸಂಖ್ಯೆ ಬರೆದುಕೊಳ್ಳಿ. ನಂತರ ಜಾಕಿಯನ್ನು ಆಫ್ ಮಾಡಿಸಿ ಮೇನ್ ಶುರುವಾಗೋದನ್ನ ಬರೆದುಕೊಳ್ಳಿ. ಮೇನನ್ನೂ ಆಫ್ ಮಾಡಿಸಿ ಡೀಸೆಲಿನದು. ಮೂರನ್ನೂ ಪ್ಯಾನೆಲಿನ ಮೇಲೆ ಬರೆದಿರೋ ಸಂಖ್ಯೆಗಳ ಜೊತೆ ಹೋಲಿಸಿದರೆ ಯಾವ ಸ್ವಿಚ್ ಎಷ್ಟು ಜಾರಿದೆ ಅಂತ ತಿಳಿಯುತ್ತೆ.

ಕೊನೆಗೆ ಜಾಕಿ, ಮೇನ್, ಡೀಸೆಲ್ ಮೂರನ್ನೂ ವಾಪಸ್ ಆಟೋಗೆ ಹಾಕಿಸಿ, ಎಲ್ಲಕ್ಕಿಂತ ಮೇಲಿನ ಮಹಡಿಗೆ ಹೋಗಿ ಅಲ್ಲಿನ ಹೈಡ್ರಂಟಿಗೆ ಹೋಸ್ ಮತ್ತು ನಾಜಲ್ ಹಾಕಿ ತೆರೆಯಬೇಕು, ನೀರನ್ನ ಟೆರೇಸಿಗೆ ಬಿಡಬಹುದು. ಕೆಳಗಿರೋ ಒಬ್ಬರು ಫೋನಿನಲ್ಲಿ ಮೇನ್ ಶುರುವಾಯಿತಾ ಇಲ್ಲವಾ ಅಂತ ಹೇಳಬೇಕು. ಪಂಪ್ ರೂಮಿನಿಂದ ಹೊರಡೋ ಮುಂಚೆ ಮೂರೂ ಸ್ವಿಚ್ಚು ಆಟೋದಲ್ಲಿವೆ ಅಂತ ಇಬ್ಬರು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು.